ಬಲೂನು ಅದು ಬರೀಲಿ, ಅಕ್ಷರ ನಾವು ಬರೆಯೋಣ

ಈಗೊಂದೆರಡು ವರ್ಷದಿಂದ ನಮ್ಮ ಫ್ಯಾಮಿಲಿ ಗ್ರೂಪಿಗೆ ಬರ್ತಿರೋ ಹುಟ್ಟುಹಬ್ಬದ ಕಾರ್ಡುಗಳನ್ನ ಸ್ವಲ್ಪ ನಿಂತು ನೋಡಿದೀರಾ? ಬಲೂನು ಮಾತ್ರ ಹೊಳೆಯುತ್ತೆ, ಮುಟ್ಟಿದ್ರೆ ಪಟ್ ಅಂತ ಒಡೆಯೋ ಹಂಗೆ. ಆನೆಮರಿ ನಗ್ತಿರತ್ತೆ, ಕೇಕ್ ಮೇಲೆ ಮೇಣದ ಬತ್ತಿ ಉರೀತಿರತ್ತೆ. ಆದ್ರೆ ಯಾವತ್ತು, ಎಷ್ಟು ಗಂಟೆಗೆ, ಎಲ್ಲಿಗೆ ಬರ್ಬೇಕು ಅಂತ ಹುಡುಕಿದ್ರೆ ಒಂದು ಮೂಲೇಲಿ ಇರುವೆ ಸಾಲಿನ ಹಂಗೆ ಇಂಗ್ಲಿಷಲ್ಲಿ ಏನೋ ಇರತ್ತೆ. ಅದೂ ಹಳದಿ ಬಣ್ಣದ ಮೇಲೆ ಬಿಳೀ ಅಕ್ಷರ. ಕೊನೆಗೆ ಎಲ್ಲರೂ ಫೋನ್ ಮಾಡೇ ಕೇಳ್ಬೇಕು. ಹಂಗಾದ್ರೆ ಆ ಕಾರ್ಡು ಯಾಕೆ ಬೇಕಿತ್ತು?

ಈ ಕಾರ್ಡುಗಳೆಲ್ಲ ಚಿತ್ರ ಬರೆಯೋ ಎಐ ಕೈಲಿ ಮಾಡಿಸಿದ್ದು ಅಂತ ನಿಮಗೂ ಗೊತ್ತಿರತ್ತೆ. ನಾಲ್ಕು ಸಾಲಲ್ಲಿ ನಮಗೆ ಏನು ಬೇಕು ಅಂತ ಬರೆದ್ರೆ ಅದು ಚಿತ್ರ ಮಾಡಿ ಕೊಡತ್ತೆ. ಆ ನಾಲ್ಕು ಸಾಲಿಗೆ ಪ್ರಾಂಪ್ಟ್ ಅಂತಾರೆ. ನಾನೇನು ಅದನ್ನ ಬೇಡ ಅನ್ನೋಳಲ್ಲ. ಕಾರ್ಡಿಗೆ ಅಂತ ಚಿಕ್ಕಪೇಟೆ ತನಕ ಅಲೆಯೋದು ತಪ್ಪತ್ತಲ್ಲ, ಒಳ್ಳೇದೇ. ನನ್ನ ತಕರಾರು ಒಂದೇ. ಆ ಎಐಗೆ ನಾವು ಎರಡು ಕೆಲಸ ಒಟ್ಟಿಗೆ ಹೇಳ್ತಿದೀವಿ, ಚಿತ್ರಾನೂ ಬರಿ, ವಿಷಯಾನೂ ಬರಿ ಅಂತ. ಮೊದಲನೇದು ಅದಕ್ಕೆ ಚೆನ್ನಾಗಿ ಬರತ್ತೆ. ಎರಡನೇದನ್ನ ನಂಬೋಕಾಗಲ್ಲ, ಅದ್ರಲ್ಲೂ ಕನ್ನಡದಲ್ಲಂತೂ ಎಷ್ಟೋ ಸಲ ತಪ್ಪಾಗತ್ತೆ. ಅದರ ಕೈಲಿ ಬಲೂನು ಬರೆಸಿಕೊಂಡು, ಮಧ್ಯೆ ಜಾಗ ಖಾಲಿ ಬಿಡಿಸಿಕೊಂಡು, ಅಕ್ಷರ ನಾವೇ ಹಾಕ್ಬೇಕು. ಇದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ತಪ್ಪಾಗತ್ತೆ ಅಂತ ಸ್ವಲ್ಪ ಹೇಳ್ತೀನಿ. ನಾವು ಫೋನಲ್ಲಿ ಟೈಪ್ ಮಾಡಿದಾಗ ಅಕ್ಷರ ಅನ್ನೋದು ಮೊದಲೇ ರೆಡಿ ಇರತ್ತೆ, ಶಾವಿಗೆ ಒರಳಿನ ಬಿಲ್ಲೆ ಇದ್ದ ಹಂಗೆ, ಒತ್ತಿದ್ರೆ ಅದೇ ಆಕಾರ ಬರತ್ತೆ. ಚಿತ್ರ ಬರೆಯೋ ಎಐ ಹಾಗಲ್ಲ. ಅದು ಕೋಟಿಗಟ್ಟಲೆ ಚಿತ್ರ ನೋಡಿ ಇಂಥ ಕಡೆ ಇಂಥ ಬಣ್ಣ ಇರತ್ತೆ ಅಂತ ಕಲಿತಿರೋದು. ಅಕ್ಷರಾನೂ ಅದಕ್ಕೆ ಒಂದು ಚಿತ್ರಾನೇ, ಬಳ್ಳಿ ಬರೆದ ಹಂಗೆ ಬರೆಯತ್ತೆ. ಇಂಗ್ಲಿಷ್ ಅಕ್ಷರ ಇಪ್ಪತ್ತಾರೇ, ಬಿಡಿಬಿಡಿಯಾಗಿ ನಿಲ್ಲತ್ತೆ, ನೋಡಿರೋ ಚಿತ್ರಗಳಲ್ಲೂ ಅದೇ ಜಾಸ್ತಿ. ಅದಕ್ಕೆ ಇತ್ತೀಚಿನ ಕೆಲವು ಎಐಗಳು ಇಂಗ್ಲಿಷಿನ ಚಿಕ್ಕ ಚಿಕ್ಕ ಮಾತು ಸರಿಯಾಗೇ ಬರೀತವೆ. ನಮ್ಮದು ಹಾಗಲ್ವಲ್ಲ. ಒಂದು ಕ ತಗೊಂಡ್ರೆ ಕಾ ಕಿ ಕೀ ಅಂತ ಕಾಗುಣಿತ, ಅದರ ಮೇಲೆ ಕ್ಕ ಕ್ತ ಕ್ಷ ಅಂತ ಒತ್ತು. ನೂರಾರು ಆಕಾರ ಆಗತ್ತೆ. ಅದನ್ನ ಅದು ಅಂದಾಜಲ್ಲಿ ಬರೆಯೋಕೆ ಹೋಗತ್ತೆ.

ಬಂದಿರೋದು ನೋಡಿದ್ರೆ ದೂರದಿಂದ ಕನ್ನಡಾನೇ ಅನ್ಸತ್ತೆ. ದುಂಡಗಿದೆ, ತಲಕಟ್ಟಿದೆ, ಕೆಳಗಡೆ ಒಂದು ಬಾಲಾನೂ ಇದೆ. ಹತ್ರ ಹೋಗಿ ಓದಿದ್ರೆ ಎಷ್ಟೋ ಸಲ ಒಂದಕ್ಷರಾನೂ ಅಕ್ಷರ ಅಲ್ಲ. ಅರ್ಧ ತೆಲುಗು, ಅರ್ಧ ಜಿಲೇಬಿ. ಕಂಡುಹಿಡಿಯೋದು ಸುಲಭ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಬಾಯಿಬಿಟ್ಟು ಓದ್ಬೇಕು, ಒಂದನೇ ಕ್ಲಾಸ್ ಮಕ್ಕಳ ಹಂಗೆ. ಕಣ್ಣಲ್ಲೇ ಓದಿದ್ರೆ ನಮ್ಮ ಮನಸ್ಸು ಸರಿ ಮಾಡ್ಕೊಂಡು ಓದಿಬಿಡತ್ತೆ, ತಪ್ಪು ಕಾಣಲ್ಲ. ಮಗೂ ಹೆಸರು ಶ್ರೇಷ್ಠ ಅಂತಿಟ್ಕೊಳ್ಳಿ. ಶಕ್ಕೆ ರ ಒತ್ತು, ಷಕ್ಕೆ ಠ ಒತ್ತು. ಅಪ್ಪ ಅಮ್ಮ ಯೋಚನೆ ಮಾಡಿ, ನಾಮಕರಣದ ದಿನ ಅಕ್ಕಿ ಮೇಲೆ ಬರೆಸಿದ ಹೆಸರು ಅದು. ಅದೇ ತಪ್ಪಾಗಿ ಐವತ್ತು ಮನೆಗೆ ಹೋಗ್ಬೇಕಾ?

ಹೋದ ಚಳಿಗಾಲದಲ್ಲಿ ನಮ್ಮ ನಾದಿನಿ ಮಗಳು ಅವಳ ಮಗನ ಐದನೇ ಹುಟ್ಟುಹಬ್ಬಕ್ಕೆ ಕಾರ್ಡು ಮಾಡ್ತೀನಿ ಅಂದ್ಲು. ಅವಳಿರೋದು ಕೆ.ಆರ್. ಪುರ, ಫಂಕ್ಷನ್ನು ಹಲಸೂರಲ್ಲಿ ಒಂದು ಚಿಕ್ಕ ಹಾಲು. ನಾನೂ ಜೊತೆಗೆ ಕೂತೆ. ಅದನ್ನ ಪೂರ್ತಿ ಹೇಳ್ತೀನಿ, ಯಾಕೆ ಅಂದ್ರೆ ಯಾವ ಮಾತು ಬದಲಾಯಿಸಿದ್ರೆ ಚಿತ್ರದಲ್ಲಿ ಏನು ಬದಲಾಗತ್ತೆ ಅನ್ನೋದು ಅಲ್ಲೇ ನನಗೆ ಸ್ಪಷ್ಟವಾಗಿದ್ದು.

ಮೊದಲು ಥೀಮು. ಮಕ್ಕಳನ್ನ ಕೇಳಿದ್ರೆ ಟೀವಿಲಿ ಬರೋ ಬೊಂಬೆಗಳ ಹೆಸರೇ ಹೇಳ್ತವೆ. ಅದನ್ನ ಪ್ರಾಂಪ್ಟಲ್ಲಿ ಬರೆದ್ರೆ ಕೆಲವು ಎಐ ಮಾಡಲ್ಲ ಅನ್ನತ್ತೆ, ಯಾಕೆ ಅಂದ್ರೆ ಆ ಬೊಂಬೆಗೆ ಒಬ್ಬರು ಒಡೆಯರು ಇರ್ತಾರೆ. ಕೆಲವು ಮಾಡತ್ತೆ, ಆದ್ರೆ ಅದರ ಚಿಕ್ಕಪ್ಪನ ಮಗನ ಹಂಗೆ ಇರತ್ತೆ, ಮಗು ನೋಡಿ "ಇದು ಅದಲ್ಲ" ಅಂತ ಅಳೋಕೆ ಶುರು ಮಾಡತ್ತೆ. ನನ್ನ ಕೇಳಿದ್ರೆ ಮಗು ದಿನಾ ನೋಡೋ, ಇಷ್ಟಪಡೋ ಒಂದು ಸಾಮಾನನ್ನೇ ಥೀಮು ಮಾಡ್ಬೇಕು. ಈ ಹುಡುಗನಿಗೆ ಮೆಟ್ರೋ ಹುಚ್ಚು. ಅಜ್ಜಿ ಮನೆಗೆ ಹೋಗೋದೂ ಅದರಲ್ಲೇ. ನಮ್ಮ ಬೆಂಗಳೂರಿಗೆ ಮೆಟ್ರೋ ಅಂತ ಮೊದಲು ಬಂದಿದ್ದೇ ನಮ್ಮ ಕಡೆಗೆ ತಾನೇ, 2011ರ ಅಕ್ಟೋಬರಲ್ಲಿ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರೋಡಿಗೆ. ಕೆ.ಆರ್. ಪುರಕ್ಕೆ ಸೇರೋಕೆ ಆಮೇಲೆ ಹನ್ನೆರಡು ವರ್ಷ ಬೇಕಾಯ್ತು, 2023ರ ಅಕ್ಟೋಬರು. ಟಿನ್ ಫ್ಯಾಕ್ಟರಿ ಹತ್ರ ಬಸ್ಸಲ್ಲಿ ಕೂತು ಬೆವರು ಒರೆಸ್ಕೊಂಡೋರಿಗೆ ಗೊತ್ತು ಆ ಹನ್ನೆರಡು ವರ್ಷ ಅಂದ್ರೆ ಏನು ಅಂತ. ಇರಲಿ, ನೇರಳೆ ಬಣ್ಣದ ಮೆಟ್ರೋ ರೈಲು, ಅದಕ್ಕೆ ಕಟ್ಟಿರೋ ಬಲೂನು, ಅದೇ ಥೀಮು ಅಂತ ಆಯ್ತು.

ಅವಳು ಮೊದಲು ಬರೆದಿದ್ದು, ಮಗುವಿನ ಹುಟ್ಟುಹಬ್ಬದ ಇನ್ವಿಟೇಷನ್, ಮೆಟ್ರೋ ಥೀಮು, ತುಂಬಾ ಬಲೂನು, ಸ್ಟೇಷನ್ ಬೋರ್ಡಿನ ಮೇಲೆ ವಿವರಕ್ಕೆ ಜಾಗ, ಅಂತ ಇಂಗ್ಲಿಷಲ್ಲಿ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ಸ್ಟೇಷನ್ ಬೋರ್ಡಿನ ಮೇಲೆ ಹೆಸರು ಹಾಕೋದು ಅಂದ್ರೆ ಐಡಿಯಾ ಏನೋ ಸೊಗಸು. ಬಂದ ಚಿತ್ರದಲ್ಲಿ ಬೋರ್ಡ್ ತುಂಬಾ ಹುಳ ಹುಳ ಅಕ್ಷರ. ಅದರ ಮೇಲೆ ದಪ್ಪಗೆ ಹ್ಯಾಪಿ ಬರ್ತ್‌ಡೇ ಅಂತ ಇಂಗ್ಲಿಷಲ್ಲಿ, ಅದರಲ್ಲೂ ಒಂದಕ್ಷರ ಹಿಂದೆಮುಂದೆ. ಬಲೂನು ಇಡೀ ಆಕಾಶ ತುಂಬಿತ್ತು, ಒಂದು ಬೆರಳಿಡೋಕೂ ಜಾಗ ಇಲ್ಲ.

ಅವಳು ಏನು ಮಾಡಿದ್ಲು ಅಂದ್ರೆ ಕೊನೇಲಿ "ಅಕ್ಷರ ಬೇಡ" ಅಂತ ಸೇರಿಸಿದ್ಲು. ಮತ್ತೆ ಅಕ್ಷರ ಬಂತು! ಇದು ಯಾಕೆ ಅಂತ ಅರ್ಥ ಮಾಡ್ಕೊಂಡ್ರೆ ಅರ್ಧ ಕೆಲಸ ಆದ ಹಂಗೆ. ಇನ್ವಿಟೇಷನ್ ಅನ್ನೋ ಮಾತು ಇದೆಯಲ್ಲ, ಅದು ನೋಡಿರೋ ಎಲ್ಲಾ ಇನ್ವಿಟೇಷನ್ ಮೇಲೂ ಅಕ್ಷರ ಇತ್ತು. ಬೋರ್ಡ್ ಅಂದ್ರೂ ಅಷ್ಟೇ, ಲೋಕದಲ್ಲಿ ಖಾಲಿ ಬೋರ್ಡ್ ಯಾರು ನೇತಾಕ್ತಾರೆ? ಹುಟ್ಟುಹಬ್ಬ ಅಂದ್ರೂ ಹಾರೈಕೆ ಅಕ್ಷರ ಜೊತೇಲೇ ಬರತ್ತೆ. ಅಕ್ಷರ ಬೇಡ ಅಂದಾಗ್ಲೂ ಅಕ್ಷರ ಅನ್ನೋ ಮಾತನ್ನ ನಾವೇ ಅದರ ಕಿವಿಗೆ ಹಾಕಿದ ಹಂಗಾಯ್ತು. ಮಗೂಗೆ "ಆ ಡಬ್ಬ ಮುಟ್ಬೇಡ" ಅಂದ್ರೆ ಅದು ಆ ಡಬ್ಬಾನೇ ನೋಡಲ್ವಾ, ಹಾಗೆ. ಕೆಲವು ಎಐ ಈ ಮಾತು ಕೇಳತ್ತೆ, ಕೆಲವು ಕೇಳಲ್ಲ, ನಂಬೋಕಾಗಲ್ಲ.

ಅದಕ್ಕೆ ಉಪಾಯ, ಬೇಡಾದ್ದನ್ನ ಹೇಳ್ಬಾರ್ದು, ಬೇಕಾದ್ದನ್ನ ಹೇಳ್ಬೇಕು. ಇನ್ವಿಟೇಷನ್, ಬರ್ತ್‌ಡೇ, ಬೋರ್ಡ್, ಬ್ಯಾನರ್, ಈ ನಾಲ್ಕು ಮಾತೂ ಪ್ರಾಂಪ್ಟಿಂದ ತೆಗೆದು ಹಾಕಿದ್ವಿ. ಮಕ್ಕಳ ಪುಸ್ತಕದ ಚಿತ್ರ ಬೇಕು ಅಂದ್ವಿ. ಖಾಲಿ ಜಾಗ ಅನ್ನೋದನ್ನೂ ಒಂದು ಸಾಮಾನಿನ ಹಂಗೆ ಹೇಳಿದ್ವಿ, ಎಲ್ಲಿದೆ, ಯಾವ ಬಣ್ಣ, ಹೆಂಗಿದೆ ಅಂತ. ಬಲೂನಿಗೂ ಜಾಗ ಗೊತ್ತುಮಾಡಿದ್ವಿ, ಎಡಕ್ಕೆ ಬಲಕ್ಕೆ ಅಂಚಲ್ಲಿ ಮಾತ್ರ. ನಾನು ಪಿಯುಸಿ ಓದಿದೋಳು, ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದ್ರೂ ಇದಕ್ಕೆ ದೊಡ್ಡ ಮಾತೇನೂ ಬೇಡ. ಕೊನೆಗೆ ನಿಂತಿದ್ದು ಇದು:

```
Paper-cut style children's book picture, tall page, 5:7.
A small purple metro train on a low bridge
along the bottom, happy animals at the windows,
coconut trees behind it.
Red, yellow and green balloons tied to the train,
floating up along the left and right edges only.
The whole middle is plain pale cream, smooth and empty.
Soft daylight, thick outlines, few colours.
```

ಒಂದೊಂದು ಸಾಲಿಗೂ ಒಂದು ಕಾರಣ ಇದೆ. 5:7 ಅಂದ್ರೆ ಅಗಲ ಐದು ಇಂಚಾದ್ರೆ ಎತ್ತರ ಏಳು, ಸಾಮಾನ್ಯ ಕಾರ್ಡಿನ ಅಳತೆ. ಅದನ್ನ ಹೇಳದಿದ್ರೆ ಎಷ್ಟೋ ಸಲ ಚೌಕದ ಚಿತ್ರ ಬರತ್ತೆ, ಆಮೇಲೆ ಕತ್ತರಿಸೋಕೆ ಹೋದ್ರೆ ಬಲೂನಿನ ಅರ್ಧ ಹೋಗತ್ತೆ. ರೈಲು ಕೆಳಗೆ ಅಂತ ಹೇಳಿದ್ದು ತೂಕ ಕೆಳಗಿರಲಿ ಅಂತ, ರಂಗೋಲಿಗೆ ಅಂಚು ಕಟ್ಟಿದ ಹಂಗೆ. ಬಲೂನನ್ನ ರೈಲಿಗೆ ಕಟ್ಟಿದೆ ಅಂದಿದ್ದಕ್ಕೂ ಕಾರಣ ಇದೆ. ಸುಮ್ನೆ ಬಲೂನು ಅಂದ್ರೆ ದಾರಗಳು ಎಲ್ಲಿಂದಲೋ ಬಂದು ಎಲ್ಲಿಗೋ ಹೋಗತ್ತೆ, ಒಂದು ಬಲೂನಿಗೆ ಎರಡು ದಾರ, ಇನ್ನೊಂದಕ್ಕೆ ಇಲ್ಲವೇ ಇಲ್ಲ. ದಾರದ ಕೊನೆ ಎಲ್ಲಿದೆ ಅಂತ ಹೇಳಿದ್ರೆ ಮುಕ್ಕಾಲು ಪಾಲು ಸರಿಹೋಗತ್ತೆ. ಬಣ್ಣ ಮೂರೇ ಹೇಳಿದ್ದು ಮಧ್ಯದ ಅಕ್ಷರ ಎದ್ದು ಕಾಣಲಿ ಅಂತ.

ಲೆಕ್ಕ ಮಾತ್ರ ಅದಕ್ಕೆ ಹೇಳ್ಬೇಡಿ. ಐದನೇ ವರ್ಷ, ಐದು ಬಲೂನಿರಲಿ ಅಂತ ನಮ್ಮ ಹುಡುಗಿಗೆ ಆಸೆ. ಒಂದ್ಸಲ ಏಳು ಬಂತು, ಒಂದ್ಸಲ ಆರು. ಎಣಿಸೋದ್ರಲ್ಲಿ ಅದು ಕಚ್ಚಾ. ಐದೇ ಇರ್ಬೇಕು ಅಂದ್ರೆ ನಾಲ್ಕೈದು ಸಲ ಮಾಡಿಸಿ, ಸರಿ ಬಂದಿದ್ದನ್ನ ಆರಿಸ್ಕೋಬೇಕು, ಇಲ್ಲಾಂದ್ರೆ "5" ಅನ್ನೋ ಅಂಕಿನ ಆಮೇಲೆ ನಾವೇ ದೊಡ್ಡದಾಗಿ ಹಾಕ್ಬೇಕು. ಎರಡನೇದೇ ಸುಲಭ.

ದೊಡ್ಡ ಬಲೂನೊಂದನ್ನ ಮಧ್ಯೆ ಇಟ್ಟು ಅದರೊಳಗೇ ವಿವರ ಬರೆಯೋಣ ಅನ್ನೋ ಮಾತೂ ಬಂತು. ನೋಡೋಕೆ ಮುದ್ದಾಗಿರತ್ತೆ ನಿಜ. ಆದ್ರೆ ದುಂಡಗಿನ ಜಾಗದಲ್ಲಿ ಸಾಲು ಹಿಡಿಯಲ್ಲ. ಮೇಲಿನ ಸಾಲು ಚಿಕ್ಕದಾಗ್ಬೇಕು, ಮಧ್ಯದ್ದು ಉದ್ದ, ಕೆಳಗೆ ಮತ್ತೆ ಚಿಕ್ಕದು, ನಮ್ಮ ವಿಳಾಸ ಆ ಲೆಕ್ಕಕ್ಕೆ ಬಗ್ಗಲ್ಲ. ಮೇಲಾಗಿ ಬಲೂನು ಅಂದ್ರೆ ಹೊಳಪಿನ ಬಿಳೀ ಮಚ್ಚೆ ಒಂದು ಇದ್ದೇ ಇರತ್ತೆ, ಅಕ್ಷರ ಅದರ ಮೇಲೆ ಬಿದ್ರೆ ಮಾಯ. ಬಲೂನೊಳಗೆ ಬರೀ ಹೆಸರು ಹಾಕೋದಾದ್ರೆ ಸರಿ.

ಈಗ ಅಕ್ಷರದ ವಿಷಯ. ಚಿತ್ರನ ಫೋನಲ್ಲಿ ಯಾವುದಾದ್ರೂ ಫೋಟೋ ಮೇಲೆ ಬರೆಯೋ ಆ್ಯಪಲ್ಲಿ ತೆಗೆದು ಮೇಲೆ ಕನ್ನಡ ಟೈಪ್ ಮಾಡ್ಬೋದು. ಅಕ್ಷರದ ಅಂದ ಬೇಕಾದ್ರೆ ಗೂಗಲ್ ಫಾಂಟ್ಸಲ್ಲಿ ಬಾಲೂ ತಮ್ಮ ಅಂತ ಒಂದು ಫಾಂಟಿದೆ, Baloo Tamma 2 ಅಂತ ಹುಡುಕಿದ್ರೆ ಸಿಗತ್ತೆ, ದುಡ್ಡಿಲ್ಲ. ದುಂಡು ದುಂಡಗೆ, ಹೊಟ್ಟೆ ತುಂಬಿದ ಮಗು ಹಂಗೆ ಇರತ್ತೆ, ಮಕ್ಕಳ ಕಾರ್ಡಿಗೆ ಹೇಳಿ ಮಾಡಿಸಿದ್ದು. ವಿಳಾಸಕ್ಕೆ ಅಷ್ಟು ದಪ್ಪ ಬೇಡ, Noto Sans Kannada ಸಾಕು. ಎರಡಕ್ಕಿಂತ ಜಾಸ್ತಿ ಫಾಂಟ್ ಹಾಕಿದ್ರೆ ಸಂತೆ ಆಗತ್ತೆ.

ಸಾಲು ಎಷ್ಟು ಹಿಡಿಯತ್ತೆ ಅಂತ ಮೊದಲೇ ಅಂದಾಜಿರಲಿ. ಐದು ಇಂಚಿನ ಕಾರ್ಡಲ್ಲಿ ಎರಡು ಕಡೆ ಬಲೂನು ಹೋದ್ಮೇಲೆ ಮಧ್ಯೆ ಸಿಗೋದು ಮೂರು ಮೂರೂವರೆ ಇಂಚು ಅಗಲ, ಎತ್ತರ ಸುಮಾರು ನಾಲ್ಕು. ಕನ್ನಡಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು ಇರೋದ್ರಿಂದ ಸಾಲು ಸಾಲಿನ ನಡುವೆ ಇಂಗ್ಲಿಷಿಗಿಂತ ಜಾಸ್ತಿ ಅಂತರ ಬೇಕು, ಇಲ್ಲಾಂದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆ ಮೇಲೆ ಕೂರತ್ತೆ. ಹಂಗಾಗಿ ಏಳೆಂಟು ಸಾಲಿಗಿಂತ ಜಾಸ್ತಿ ಬರೀಬೇಡಿ. ಇದು ಮದುವೆ ಲಗ್ನಪತ್ರಿಕೆ ಅಲ್ಲ. ಸಕುಟುಂಬ ಸಪರಿವಾರ ಸಮೇತರಾಗಿ, ಸುಖಾಗಮನವನ್ನು ಬಯಸುವ, ಅಂತ ಶುರು ಮಾಡಿದ್ರೆ ಅದಕ್ಕೇ ನಾಲ್ಕು ಸಾಲು ಹೋಯ್ತು. ಐದು ವರ್ಷದ ಮಗು ಕರೆಯೋದು ಮಗು ಕರೆದ ಹಂಗೇ ಇರಲಿ. ನಾವು ಕೊನೆಗೆ ಹಾಕಿದ್ದು ಹೆಚ್ಚುಕಮ್ಮಿ ಹೀಗೆ, ಹೆಸರು ಬಿಟ್ಟು ಬರೀತಿದೀನಿ:

ಶ್ರೀ ಸೋಮೇಶ್ವರ ಪ್ರಸನ್ನ
ನಂಗೆ 5 ವರ್ಷ ಆಯ್ತು!
(ದೊಡ್ಡ ಅಕ್ಷರದಲ್ಲಿ ಮಗೂ ಹೆಸರು)
ಭಾನುವಾರ, 14 ಡಿಸೆಂಬರ್ 2025
ಸಂಜೆ 5ರಿಂದ 8, ಕೇಕ್ 6 ಗಂಟೆಗೆ
(ಹಾಲಿನ ಹೆಸರು), ಹಲಸೂರು
ಮೆಟ್ರೋಲಿ ಬಂದ್ರೆ ಹಲಸೂರು ಸ್ಟೇಷನ್
ಊಟ ಮಾಡ್ಕೊಂಡೇ ಹೋಗಿ. ಕೇಕಿಗೆ ಮೊಟ್ಟೆ ಹಾಕಿಲ್ಲ.

ದೇವರ ಹೆಸರು ಬೇಕಾ ಅಂತ ಹುಡುಗಿ ಕೇಳಿದ್ಲು, ಬಲೂನಿನ ಕಾರ್ಡಿಗೆ ಹೊಂದಲ್ಲ ಅಂತ. ಚಿಕ್ಕದಾಗಿ ಮೇಲೆ ಒಂದು ಸಾಲಿದ್ರೆ ಯಾವ ಬಲೂನೂ ಒಡೆಯಲ್ಲ, ಅತ್ತೆ ಮನೆ ಹಿರಿಯರು ಕಾರ್ಡು ಕೈಗೆ ತಗೊಂಡಾಗ ಮೊದಲು ಹುಡುಕೋದೇ ಅದನ್ನ. ಹಾಕಿದ್ವಿ.

ಕೇಕ್ ಎಷ್ಟು ಗಂಟೆಗೆ ಅನ್ನೋದನ್ನ ಬೇರೆ ಬರೀಬೇಕು ಅನ್ನೋದು ನನ್ನ ಹಟ. ಬರೀ 5 ಗಂಟೆ ಅಂದ್ರೆ ನಮ್ಮ ಜನ ಆರೂಮುಕ್ಕಾಲಿಗೆ ಬರ್ತಾರೆ, ಅಷ್ಟು ಹೊತ್ತಿಗೆ ಹುಟ್ಟಿದ ಹುಡುಗ ನಿದ್ದೆಗೆ ತೂಗ್ತಿರ್ತಾನೆ. ಮುಗಿಯೋ ಟೈಮೂ ಬೇಕು. ಮಗು ಸ್ನೇಹಿತರ ಅಪ್ಪ ಅಮ್ಮ ಬಿಟ್ಟು ಹೋಗಿ ಕರ್ಕೊಂಡು ಹೋಗೋರು, ಅವರಿಗೆ ಎಷ್ಟು ಹೊತ್ತಿಗೆ ವಾಪಸ್ ಬರ್ಬೇಕು ಅಂತ ಗೊತ್ತಿರಲ್ಲ. ವಿಳಾಸದಲ್ಲಿ ಕ್ರಾಸು ಮೇನು ಬರೆದು ಬಿಟ್ಟುಬಿಡೋದು ಸಾಲದು. ಇಂದಿರಾನಗರದಲ್ಲಿ ಸ್ಟೇಜ್ ಬರೀದೆ ಬರೀ ಕ್ರಾಸ್ ನಂಬರ್ ಕೊಟ್ಟು ನೋಡಿ, ಅರ್ಧ ಜನ ಒಂದು ಕಡೆ, ಅರ್ಧ ಜನ ಇನ್ನೊಂದು ಕಡೆ ಸುತ್ತುತಿರ್ತಾರೆ. ಮೆಟ್ರೋ ಸ್ಟೇಷನ್ನೋ, ದೇವಸ್ಥಾನವೋ, ಆಟೋದವರಿಗೆ ಗೊತ್ತಿರೋ ಒಂದು ಗುರುತು ಬೇಕೇ ಬೇಕು. ಮೊಟ್ಟೆ ವಿಷಯ ಬರೆದಿದ್ದಕ್ಕೆ ನಗಬೇಡಿ. ಅದೊಂದು ಸಾಲು ಇಲ್ಲದಿದ್ರೆ ನಮ್ಮ ದೊಡ್ಡಮ್ಮ ಕೇಕಿನ ತಟ್ಟೆ ಕೈಲಿ ಹಿಡ್ಕೊಂಡು ಎಲ್ಲರನ್ನೂ ಕೇಳ್ತಾ ಓಡಾಡ್ತಿದ್ರು.

ಕನ್ನಡದಲ್ಲಿ ಯಾಕೆ, ಎಲ್ಲರಿಗೂ ಇಂಗ್ಲಿಷ್ ಬರತ್ತಲ್ಲ ಅನ್ನೋರಿಗೆ ಒಂದು ಮಾತು. ನಮ್ಮ ಕಂಟೋನ್ಮೆಂಟ್ ಕಡೆ ಬೀದಿ ಹೇಗಿದೆ ಅಂತ ನಿಮಗೇ ಗೊತ್ತು. ಪಕ್ಕದ ಮನೆ ತಮಿಳು, ಎದುರು ಮನೆ ಉರ್ದು, ಮೇಲಿನ ಮನೆ ತೆಲುಗು, ನಾವು ಕನ್ನಡ. ಎಲ್ಲರನ್ನೂ ಕರೀಬೇಕು, ಅದಕ್ಕೆ ದಿನ, ಟೈಮು, ಜಾಗ ಇಷ್ಟನ್ನ ಇಂಗ್ಲಿಷಲ್ಲೂ ಕೆಳಗೆ ಎರಡು ಸಾಲು ಹಾಕಿ, ಬೇಡ ಅನ್ನಲ್ಲ. ಇಲ್ಲಾಂದ್ರೆ ಅದೇ ಚಿತ್ರದ ಮೇಲೆ ಇಂಗ್ಲಿಷಿನ ಇನ್ನೊಂದು ಕಾರ್ಡು ಮಾಡಿ, ಖಾಲಿ ಚಿತ್ರ ಇಟ್ಕೊಂಡಿದ್ರೆ ಹತ್ತು ನಿಮಿಷದ ಕೆಲಸ. ಖಾಲಿ ಜಾಗ ಬಿಡಿಸಿಕೊಂಡಿದ್ದರ ಲಾಭ ಇಲ್ಲೇ ಇರೋದು. ಆದ್ರೆ ಕನ್ನಡ ಬಿಡ್ಬೇಡಿ. ಕನ್ನಡ ಬಿಟ್ಟ ಕಾರ್ಡನ್ನ ಮನೇಲಿರೋ ಅಜ್ಜಿಗೆ ಯಾರಾದ್ರೂ ಓದಿ ಹೇಳ್ಬೇಕು. ತಾನು ಹೊತ್ತು ಆಡಿಸಿದ ಮೊಮ್ಮಗನ ಹೆಸರಿನ ಕಾರ್ಡನ್ನ ಇನ್ನೊಬ್ಬರು ಓದಿ ಹೇಳೋ ಹಂಗೆ ಯಾಕೆ ಮಾಡ್ಬೇಕು ಹೇಳಿ. ಅವರು ಓದೋಕೆ ಬಣ್ಣಾನೂ ನೋಡ್ಕೋಬೇಕು. ಕೆನೆ ಬಣ್ಣದ ಮೇಲೆ ಕಡು ನೇರಳೆನೋ ಕಂದೋ ಹಾಕಿ. ಹಳದಿ, ತಿಳಿ ಗುಲಾಬಿ ಬೇಡ. ಫೋನನ್ನ ಕೈಯಷ್ಟು ದೂರ ಹಿಡಿದು, ಕನ್ನಡಕ ತೆಗೆದು ಒಂದ್ಸಲ ನೋಡಿ. ನಿಮಗೆ ಟೈಮು ಕಾಣ್ತಿದ್ರೆ ಸರಿ.

ಪ್ರಿಂಟ್ ಮಾಡಿಸೋರಿಗೆ ಇನ್ನೊಂದು ಕಂಟಕ ಇದೆ. ಹಳೇ ಪ್ರಿಂಟಿಂಗ್ ಅಂಗಡಿಗಳಲ್ಲಿ ಇವತ್ತಿಗೂ ನುಡಿ ತರದ ಹಳೇ ಕಾಲದ ಫಾಂಟಲ್ಲಿ ಕೆಲಸ ಮಾಡೋರಿದಾರೆ. ನಾವು ಫೋನಲ್ಲಿ ಟೈಪ್ ಮಾಡೋ ಕನ್ನಡ ಯೂನಿಕೋಡು. ನಮ್ಮದನ್ನ ವಾಟ್ಸಾಪಲ್ಲಿ ಕಳಿಸಿ ಅವರು ಅಲ್ಲಿ ಅಂಟಿಸಿದ್ರೆ ಒತ್ತಕ್ಷರ ಬಿಚ್ಚಿಕೊಂಡು ಶ್ ರೇ ಷ್ ಠ ಅಂತ ನಾಲ್ಕು ಚೂರಾಗ್ಬೋದು, ಇಲ್ಲಾ ಬರೀ ಚೌಕ ಚೌಕ ಡಬ್ಬ ಬರ್ಬೋದು. ಅಂಗಡಿಯವರಿಗೆ ಕನ್ನಡ ಓದೋಕೆ ಬರದಿದ್ರೆ ಅವರಿಗದು ತಪ್ಪು ಅಂತಲೂ ಗೊತ್ತಾಗಲ್ಲ. ಅದಕ್ಕೆ ಅಕ್ಷರ ಸಮೇತ ಪೂರ್ತಿ ಮಾಡಿದ ಕಾರ್ಡನ್ನ ಪಿಡಿಎಫ್ ಮಾಡಿ ಕೊಡಿ, ಅವರು ಒತ್ತಿ ಪ್ರಿಂಟ್ ತೆಗೆಯೋದಷ್ಟೇ ಇರಲಿ. ಅವರೇ ಟೈಪ್ ಮಾಡ್ತೀವಿ ಅಂದ್ರೆ ಒಂದು ಕಾಪಿ ತೆಗೆಸಿ, ಅಲ್ಲೇ ನಿಂತು ಬೆರಳಿಟ್ಟು ಓದಿ, ಆಮೇಲೆ ಮಿಕ್ಕಿದ್ದು.

ಚಿತ್ರದ ದೊಡ್ಡತನಾನೂ ಒಂದ್ಸಲ ನೋಡಿ. ಅಚ್ಚುಕಟ್ಟಾಗಿ ಪ್ರಿಂಟ್ ಬರೋಕೆ ಒಂದು ಇಂಚಿಗೆ 300 ಚುಕ್ಕಿ ಬೇಕು ಅಂತಾರೆ. ಐದಿಂಚು ಅಗಲಕ್ಕೆ 1500, ಏಳಿಂಚು ಎತ್ತರಕ್ಕೆ 2100. ಎಐ ಕೊಡೋ ಚಿತ್ರ ಎಷ್ಟೋ ಸಲ ಸಾವಿರದ ಆಸುಪಾಸು ಅಗಲ ಇರತ್ತೆ, ಅಂದ್ರೆ ಇಂಚಿಗೆ ಇನ್ನೂರು ಚುಕ್ಕಿ. ಬಲೂನಿಗೆ ಅಷ್ಟು ಸಾಕು, ಸ್ವಲ್ಪ ಮೆತ್ತಗೆ ಕಂಡ್ರೂ ಯಾರೂ ಗಮನಿಸಲ್ಲ. ಅಕ್ಷರ ಮೆತ್ತಗಾದ್ರೆ ಮಾತ್ರ ತಕ್ಷಣ ಕಾಣತ್ತೆ. ಅಕ್ಷರ ನಾವೇ ಬೇರೆಯಾಗಿ ಹಾಕಿ ಪಿಡಿಎಫ್ ಮಾಡಿದ್ರೆ ಅವು ಸಾಮಾನ್ಯವಾಗಿ ಚೂಪಾಗೇ ಉಳಿಯತ್ತೆ, ಅದೂ ಒಂದು ಅನುಕೂಲ. ಅಂಗಡಿಗೆ ಕಳಿಸುವಾಗ ವಾಟ್ಸಾಪಲ್ಲಿ ಫೋಟೋ ಅಂತ ಕಳಿಸ್ಬೇಡಿ, ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದ್ರೆ ಅದು ಹಿಂಡಿ ಚಿಕ್ಕದು ಮಾಡಿ ಕಳಿಸತ್ತೆ. ಫೋನಲ್ಲಿ ಕಂಡಷ್ಟು ಮಿಂಚೋ ಬಣ್ಣ ಕಾಗದದ ಮೇಲೆ ಬರಲ್ಲ, ಅದ್ರಲ್ಲೂ ಹೊಳೆಯೋ ಹಸಿರು, ನೇರಳೆ ಒಂದು ಮಟ್ಟ ಮಂಕಾಗೇ ಬರತ್ತೆ. ಅದು ಅಂಗಡಿಯವರ ಮೋಸ ಅಲ್ಲ. ಫೋನಿನ ಬಣ್ಣ ಬೆಳಕಿಂದ ಬರೋದು, ಕಾಗದದ್ದು ಮಸಿಯಿಂದ. ಜಗಳ ಆಡೋಕೆ ಹೋಗ್ಬೇಡಿ.

ಕೊನೇಲಿ ಒಂದು ವಿಷಯಕ್ಕೆ ನಾದಿನಿ ಮಗಳಿಗೂ ನನಗೂ ವಾದ ಆಯ್ತು. ಮಗೂ ಫೋಟೋ ಎಐಗೆ ಕೊಟ್ಟು ರೈಲಿನ ಕಿಟಕೀಲಿ ಕೂರಿಸೋಣ ಅಂತ ಅವಳು. ಬೇಡ ಅಂತ ನಾನು. ಯಾರದೋ ಕಂಪ್ಯೂಟರಿಗೆ ಮಗೂ ಮುಖ ಕಳಿಸಿದ್ಮೇಲೆ ಅಲ್ಲಿ ಅದನ್ನ ಎಷ್ಟು ದಿನ ಇಟ್ಕೋತಾರೆ, ಏನು ಮಾಡ್ತಾರೆ ಅನ್ನೋದು ನಮ್ಮ ಕೈಲಿರಲ್ಲ. ಹೋಗಲಿ ಅಂದ್ರೆ, ಬಂದ ಮುಖಾನೂ ಎಷ್ಟೋ ಸಲ ನಮ್ಮ ಮಗೂದಾಗಿರಲ್ಲ, ಹಲ್ಲು ಬೇರೆ, ಕಿವಿ ಬೇರೆ. ಫೋಟೋ ಬೇಕೇ ಬೇಕು ಅಂದ್ರೆ ಅಕ್ಷರ ಹಾಕೋ ಹೊತ್ತಿಗೆ ನಿಮ್ಮ ಫೋನಲ್ಲೇ ಒಂದು ಮೂಲೇಲಿ ಅಂಟಿಸಿ. ಪ್ರಾಂಪ್ಟಲ್ಲಿ ಆ ಮೂಲೇನೂ ಖಾಲಿ ಬಿಡು ಅಂತ ಮೊದಲೇ ಬರೀಬೇಕಷ್ಟೇ.

ಸ್ಟೇಟಸ್ಸಿಗೆ ಹಾಕೋ ಕಾರ್ಡಲ್ಲಂತೂ ಮಗೂ ಪೂರ್ತಿ ಹೆಸರು, ಫೋಟೋ, ಮನೆ ವಿಳಾಸ, ಫೋನ್ ನಂಬರ್, ನಾಲ್ಕೂ ಒಟ್ಟಿಗೆ ಇರೋದು ನನಗೆ ಸರಿ ಕಾಣಲ್ಲ. ನಿಮ್ಮ ಸ್ಟೇಟಸ್ ನೋಡೋರು ಬರೀ ನೆಂಟರಲ್ಲ, ಗ್ಯಾಸ್ ಬುಕ್ ಮಾಡಿದ ನಂಬರಿನವರೂ ಇರ್ತಾರೆ. ಕರೆಯೋರಿಗೆ ವಿವರ ಇರೋ ಕಾರ್ಡು ಒಬ್ಬೊಬ್ಬರಿಗೇ ಕಳಿಸಿ. ಸ್ಟೇಟಸ್ಸಿಗೆ ಬೇಕಾದ್ರೆ ರೈಲು, ಬಲೂನು, "ನಂಗೆ 5 ವರ್ಷ ಆಯ್ತು" ಅನ್ನೋ ಒಂದು ಸಾಲು ಇರೋ ಕಾರ್ಡು ಹಾಕಿ. ಅವಳು ಹಾಗೇ ಎರಡು ತರ ಮಾಡಿದ್ಲು. ನಾನು ಕರೆದ ಮನೆಗಳಿಗೆಲ್ಲ ಕಾರ್ಡ್ ಕಳಿಸಿದ ಮೇಲೆ ಒಂದು ಫೋನೂ ಮಾಡಿದೆ. ಏನೇ ಕಾರ್ಡು ಬರಲಿ, ಬಾಯಿಬಿಟ್ಟು ಕರೀದೇ ನಮ್ಮ ಸೋದರತ್ತೆ ಬರೋರಲ್ಲ.